ಹತ್ತು ರೂಪಾಯಿಗೆ ಒಂದೇ ಪ್ರಶ್ನೆ: ಆನ್‌ಲೈನ್‌ನಲ್ಲಿ ಆರ್‌ಟಿಐ ಅರ್ಜಿ ಹಾಕುವ ಬಗೆ

ಅಂಕೋಲಾ ಮತ್ತು ಕಾರವಾರದ ನಡುವೆ ಹೆದ್ದಾರಿ ಪಕ್ಕದಲ್ಲಿ ನಮ್ಮ ಪರಿಚಯದ ಅಣ್ಣ ಒಬ್ಬರ ಗೂಡಂಗಡಿ ಇದೆ. ಚಹಾ, ಬನ್ಸ್, ಸಂಜೆ ಹೊತ್ತಿಗೆ ಬಜೆ. ಹೋದ ಮಳೆಗಾಲದಲ್ಲಿ ಒಂದು ದಿನ ಚಹಾದ ಜೊತೆ ಒಂದು ಹಾಳೆಯನ್ನೂ ಮುಂದಿಟ್ಟರು. "ತಮಾ, ಇದನ್ನ ಆನ್‌ಲೈನ್‌ನಲ್ಲಿ ಹಾಕಿಕೊಡು. ಆರ್‌ಟಿಐ."

ವಿಷಯ ಇಷ್ಟೇ. ಅಂಗಡಿ ಎದುರು ಅಂಡರ್‌ಪಾಸ್ ಬರುತ್ತದೆ ಅಂತ ಊರಲ್ಲಿ ಅರ್ಧ ಜನ ಹೇಳುತ್ತಾರೆ. ಇಲ್ಲ, ಬರೀ ಸರ್ವಿಸ್ ರಸ್ತೆ, ಬಸ್ ನಿಲ್ಲುವ ಜಾಗ ಆಚೆ ಹೋಗುತ್ತದೆ ಅಂತ ಇನ್ನರ್ಧ ಜನ. ಅಂಗಡಿಗೆ ಹೊಸ ಶೀಟು ಹಾಕಿಸಬೇಕೋ ಬೇಡವೋ ಅನ್ನುವುದು ಅಣ್ಣನ ಚಿಂತೆ. ಕಾಗದದಲ್ಲಿ ಏನಿದೆ ಅಂತ ಗೊತ್ತಾದರೆ ಸಾಕು.

ಹಾಳೆಯಲ್ಲಿ ಬರೆದದ್ದು ಹೀಗಿತ್ತು: "ನಮ್ಮ ಊರಿಗೆ ಅಂಡರ್‌ಪಾಸ್ ಯಾಕೆ ಕೊಟ್ಟಿಲ್ಲ? ಯಾವಾಗ ಕೊಡುತ್ತೀರಿ? ಇಷ್ಟು ಜನ ದಾಟುವ ಜಾಗದಲ್ಲಿ ಅಂಡರ್‌ಪಾಸ್ ಇಲ್ಲದಿರುವುದು ಸರಿಯೇ? ಈ ಹೆದ್ದಾರಿಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಕೊಡಿ."

ನಾಲ್ಕು ಸಾಲು, ನಾಲ್ಕೂ ದಾರಿ ತಪ್ಪಿದವು. ಅದನ್ನು ಒಂದು ಪ್ರಶ್ನೆಯಾಗಿ ಹೇಗೆ ತಿದ್ದಿದೆವು, ಹತ್ತು ರೂಪಾಯಿ ಹೇಗೆ ಕಟ್ಟಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ವಿಷಯ ಬೇರೆ ಇರಬಹುದು, ಕೆಲಸದ ಕ್ರಮ ಇದೇ.

ಮೊದಲು: ಕಾಗದ ಯಾರ ಹತ್ತಿರ ಇದೆ?

ಪ್ರಶ್ನೆ ಬರೆಯುವ ಮೊದಲು ಇದು ಗೊತ್ತಾಗಬೇಕು. ಯಾಕೆಂದರೆ ಪೋರ್ಟಲ್‌ಗಳು ಎರಡು. ಕೇಂದ್ರ ಸರ್ಕಾರದ ಕಚೇರಿಗಳಿಗೆ rtionline.gov.in, ಕರ್ನಾಟಕ ಸರ್ಕಾರದ ಕಚೇರಿಗಳಿಗೆ rtionline.karnataka.gov.in. ನೋಡಲು ಅಣ್ಣತಮ್ಮಂದಿರ ಹಾಗೆ ಇವೆ, ಆದರೆ ಒಂದರ ಅರ್ಜಿ ಇನ್ನೊಂದರಲ್ಲಿ ನಡೆಯುವುದಿಲ್ಲ. ರಾಜ್ಯದ ಕಚೇರಿಗೆ ಹೋಗಬೇಕಾದ ಅರ್ಜಿಯನ್ನು ಕೇಂದ್ರದ ಪೋರ್ಟಲ್‌ನಲ್ಲಿ ಹಾಕಿದರೆ ಅರ್ಜಿ ವಾಪಸ್ ಬರುತ್ತದೆ, ಹತ್ತು ರೂಪಾಯಿ ವಾಪಸ್ ಬರುವುದಿಲ್ಲ. ಇದನ್ನು ಆ ಪೋರ್ಟಲ್‌ನ ಸೂಚನೆಗಳಲ್ಲೇ ಬರೆದಿದ್ದಾರೆ. ಹತ್ತು ರೂಪಾಯಿ ಹೋದರೆ ಹೋಗಲಿ, ಅದರ ಜೊತೆ ಹೋಗುವ ದಿನಗಳೇ ಜಾಸ್ತಿ ನಷ್ಟ.

ನಮ್ಮ ಜಿಲ್ಲೆಯಲ್ಲಿ ಕೊಂಕಣ ರೈಲ್ವೆ, ಅಂಚೆ ಕಚೇರಿ, ಕೈಗಾ ಅಣುಸ್ಥಾವರ ಇವೆಲ್ಲ ಕೇಂದ್ರದ ಕಡೆ. ಗ್ರಾಮ ಪಂಚಾಯಿತಿ, ತಹಶೀಲ್ದಾರ್ ಕಚೇರಿ, ಅರಣ್ಯ ಇಲಾಖೆ, ಲೋಕೋಪಯೋಗಿ ಇಲಾಖೆ ರಾಜ್ಯದ ಕಡೆ. ರಸ್ತೆ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. "ರಾಷ್ಟ್ರೀಯ ಹೆದ್ದಾರಿ" ಅಂತ ಬೋರ್ಡು ಇದ್ದ ಮಾತ್ರಕ್ಕೆ ಅದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದೇ ಆಗಬೇಕಿಲ್ಲ. ಕೆಲವು ರಾಷ್ಟ್ರೀಯ ಹೆದ್ದಾರಿಗಳ ಕೆಲಸವನ್ನು ರಾಜ್ಯ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗವೇ ನೋಡಿಕೊಳ್ಳುತ್ತದೆ. ಕಾಮಗಾರಿ ಜಾಗದಲ್ಲಿ ಹಾಕಿರುವ ಮಾಹಿತಿ ಫಲಕ ನೋಡಿ, ಕೆಲಸ ಕೊಟ್ಟವರು ಯಾರು ಅಂತ ಅದರಲ್ಲಿ ಇರುತ್ತದೆ. ನಮ್ಮ ಕರಾವಳಿಯ 66ನೇ ಹೆದ್ದಾರಿಯ ಚತುಷ್ಪಥ ಪ್ರಾಧಿಕಾರದ್ದೇ, ಹಾಗಾಗಿ ಅಣ್ಣನ ಅರ್ಜಿ ಕೇಂದ್ರದ ಪೋರ್ಟಲ್‌ಗೆ.

ಅದೇ ಇಲಾಖೆಯೊಳಗೆ ಮೇಜು ತಪ್ಪಿದರೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಮಾಹಿತಿ ಬೇರೆ ಪ್ರಾಧಿಕಾರದ ಹತ್ತಿರ ಇದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು ಅಂತ ಕಾಯಿದೆಯ 6(3)ನೇ ಕಲಂ ಹೇಳುತ್ತದೆ.

ಪ್ರಶ್ನೆಯನ್ನು ಕಡಿದು ಕಡಿದು ಒಂದಕ್ಕೆ ತರುವುದು

ಈಗ ಅಣ್ಣನ ಹಾಳೆಗೆ ಬರೋಣ. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ "ಮಾಹಿತಿ" ಅಂದರೆ ಏನು ಅಂತ 2(ಎಫ್) ಕಲಮಿನಲ್ಲಿ ಪಟ್ಟಿ ಇದೆ: ದಾಖಲೆ, ಆದೇಶ, ಸುತ್ತೋಲೆ, ಲಾಗ್‌ಬುಕ್, ಒಪ್ಪಂದ, ವರದಿ, ಮಾದರಿ, ಕಂಪ್ಯೂಟರಿನಲ್ಲಿರುವ ದತ್ತಾಂಶ ಹೀಗೆ. ಗಮನಿಸಿ, ಎಲ್ಲವೂ ಕೈಯಲ್ಲಿ ಹಿಡಿಯಬಹುದಾದ, ಕಡತದಲ್ಲಿ ಈಗಾಗಲೇ ಇರುವ ವಸ್ತುಗಳು. 2011ರಲ್ಲಿ ಸಿಬಿಎಸ್‌ಇ ಉತ್ತರಪತ್ರಿಕೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಕಚೇರಿಯಲ್ಲಿ ಇರುವುದನ್ನು ಕೊಡಬೇಕು. ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ, ಸಲಹೆ ಅಭಿಪ್ರಾಯ ಹೇಳಬೇಕಿಲ್ಲ.

ಆ ಕಣ್ಣಿನಿಂದ ನೋಡಿದರೆ "ಯಾಕೆ ಕೊಟ್ಟಿಲ್ಲ?" ಅನ್ನುವುದು ಮೊದಲು ಬೀಳುತ್ತದೆ. 2008ರಲ್ಲಿ ನಮ್ಮ ಪಕ್ಕದ ಗೋವಾದಲ್ಲೇ, ಬಾಂಬೆ ಹೈಕೋರ್ಟಿನ ಪೀಠ ಇದರ ಬಗ್ಗೆ ಸ್ಪಷ್ಟವಾಗಿ ತೀರ್ಪು ಕೊಟ್ಟಿದೆ. "ಯಾಕೆ" ಅಂತ ಕೇಳುವುದು ಸಮರ್ಥನೆ ಕೇಳಿದ ಹಾಗೆ, ಅದು ಮಾಹಿತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಅಂತ. ಅಧಿಕಾರಿಗಳಿಗೆ ಈ ಸಾಲು ಬಾಯಿಪಾಠ ಇರುತ್ತದೆ. "ಯಾಕೆ" ಕಂಡರೆ ಸಾಕು, ಎರಡು ಸಾಲಿನ ಉತ್ತರ ಬಂದುಬಿಡುತ್ತದೆ, ಮೂವತ್ತು ದಿನ ಕಾದದ್ದು ಸುಮ್ನೆ ವ್ಯರ್ಥ.

ಹಾಗಂತ ಕಾರಣ ತಿಳಿಯುವ ದಾರಿಯೇ ಇಲ್ಲ ಅಂತಲ್ಲ. ಕಾರಣ ಕಡತದಲ್ಲಿ ಬರೆದಿದ್ದರೆ ಆ ಹಾಳೆಯನ್ನು ಕೇಳಬಹುದು. "ಯಾಕೆ ತಿರಸ್ಕರಿಸಿದಿರಿ" ಅನ್ನುವ ಬದಲು "ತಿರಸ್ಕರಿಸಿದ ಆದೇಶದ ಪ್ರತಿ, ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿ" ಅಂತ ಬರೆಯಿರಿ. ಕೇಳಿದ್ದು ಅದೇ, ಆದರೆ ಈಗ ಅದು ಒಂದು ವಸ್ತು.

"ಯಾವಾಗ ಕೊಡುತ್ತೀರಿ?" ಅನ್ನುವುದು ಮುಂದಿನ ಮಾತು. ಅದಕ್ಕೆ ಕಾಗದ ಇನ್ನೂ ಹುಟ್ಟಿಲ್ಲ. "ಸರಿಯೇ?" ಅನ್ನುವುದು ಅಭಿಪ್ರಾಯ. ಇವೆರಡನ್ನೂ ಹೊಡೆದುಹಾಕಿದೆವು.

ಉಳಿದದ್ದು "ಎಲ್ಲಾ ದಾಖಲೆಗಳು". ಕೇಳಲು ಗಟ್ಟಿಯಾಗಿದೆ, ಆದರೆ ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ಅತಿ ಕೆಟ್ಟದ್ದು. ಗೋವಾ ಗಡಿಯಿಂದ ಕುಂದಾಪುರದವರೆಗಿನ ಯೋಜನೆ 190 ಕಿಲೋಮೀಟರಿಗೆ ಹತ್ತಿರ ಇದೆ. ಅದರ ಎಲ್ಲಾ ದಾಖಲೆ ಅಂದರೆ ಒಂದು ಟೆಂಪೋ ತುಂಬಬಹುದು. ಕಚೇರಿಯವರು 7(9)ನೇ ಕಲಂ ತೋರಿಸಿ, ಇಷ್ಟನ್ನು ಪ್ರತಿ ಮಾಡಲು ಕೂತರೆ ಉಳಿದ ಕೆಲಸ ನಿಲ್ಲುತ್ತದೆ, ನೀವೇ ಬಂದು ನೋಡಿಕೊಳ್ಳಿ ಎನ್ನಬಹುದು. ಇಲ್ಲವೇ ಸಾವಿರಾರು ಪುಟಕ್ಕೆ ಹಣ ಕಟ್ಟಿ ಅಂತ ಪತ್ರ ಕಳಿಸಬಹುದು. ಎರಡೂ ಕಾನೂನು ಪ್ರಕಾರ ಸರಿಯೇ. ಸೋಲುವುದು ನಾವು.

ಹಾಗಾದರೆ ಅಣ್ಣನಿಗೆ ಬೇಕಾದ ವಿಷಯ ಯಾವ ಕಾಗದದಲ್ಲಿ ಇರುತ್ತದೆ? ಇಲ್ಲಿ ಸ್ವಲ್ಪ ಮನೆಗೆಲಸ ಬೇಕು. ಹೆದ್ದಾರಿ ಪ್ರಾಧಿಕಾರ ಗುತ್ತಿಗೆ ಕಂಪನಿ ಜೊತೆ ಮಾಡಿಕೊಳ್ಳುವ ಒಪ್ಪಂದಕ್ಕೆ ಷೆಡ್ಯೂಲ್‌ಗಳು ಅಂತ ಇರುತ್ತವೆ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಷೆಡ್ಯೂಲ್ ಬಿ ಅನ್ನುವುದರಲ್ಲಿ ರಸ್ತೆಯಲ್ಲಿ ಏನೇನು ಕಟ್ಟಬೇಕು ಅಂತ ಪಟ್ಟಿ ಇರುತ್ತದೆ, ಅಂಡರ್‌ಪಾಸ್, ಸರ್ವಿಸ್ ರಸ್ತೆ ಎಲ್ಲ ಕಿಲೋಮೀಟರ್ ಸಮೇತ. ಷೆಡ್ಯೂಲ್ ಸಿ ಯಲ್ಲಿ ಬಸ್ ಬೇ, ಟೋಲ್ ಪ್ಲಾಜಾ, ಬೀದಿದೀಪದಂಥ ಸೌಕರ್ಯಗಳು. ಒಪ್ಪಂದ ಆದ ಮೇಲೆ ಏನಾದರೂ ಸೇರಿಸಿದರೆ ಅಥವಾ ಬಿಟ್ಟರೆ ಅದಕ್ಕೆ "ಚೇಂಜ್ ಆಫ್ ಸ್ಕೋಪ್" ಅಂತ ಬೇರೆ ಆದೇಶ ಆಗುತ್ತದೆ. ಅಂದರೆ ಊರಲ್ಲಿ ಎರಡು ವರ್ಷದಿಂದ ನಡೆಯುತ್ತಿದ್ದ ವಾದಕ್ಕೆ ಉತ್ತರ ಹೆಚ್ಚೆಂದರೆ ನಾಲ್ಕೈದು ಪುಟದಲ್ಲಿದೆ. ಆ ಪುಟಗಳನ್ನೇ ಕೇಳಬೇಕು.

ನಿಮ್ಮ ವಿಷಯ ಪಂಚಾಯಿತಿ ರಸ್ತೆಯೋ ಕಾಲುಸಂಕವೋ ಆಗಿದ್ದರೆ ಕಾಗದದ ಹೆಸರು ಬೇರೆ: ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕ (ಎಲ್ಲರೂ ಎಂ.ಬಿ. ಅನ್ನುತ್ತಾರೆ), ಬಿಲ್ಲು. ಹೆಸರು ಗೊತ್ತಿಲ್ಲದಿದ್ದರೆ ಗುತ್ತಿಗೆ ಕೆಲಸ ಮಾಡುವ ಯಾರಾದರೂ ಪರಿಚಯದವರನ್ನು ಕೇಳಿ. ಸರಿಯಾದ ಹೆಸರು ಹಿಡಿದು ಕೇಳಿದರೆ ಅಧಿಕಾರಿ ಬೀರು ತೆಗೆದು ಆ ಪುಸ್ತಕವನ್ನೇ ಎಳೆಯಬೇಕಾಗುತ್ತದೆ.

ಜಾಗ ಹೇಳುವುದೇ ಕಷ್ಟದ ಕೆಲಸ

"ನಮ್ಮ ಊರಿನ ಹತ್ತಿರ" ಅಂದರೆ ದೆಹಲಿಯಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಜಾಗಕ್ಕೆ ವಿಳಾಸ ಅಂದರೆ ಚೈನೇಜ್, ಅಂದರೆ ಎಷ್ಟನೇ ಕಿಲೋಮೀಟರು ಎಷ್ಟನೇ ಮೀಟರು ಅನ್ನುವ ಲೆಕ್ಕ. ಈ ಯೋಜನೆಯ ಲೆಕ್ಕ ಗೋವಾ ಗಡಿಯಲ್ಲಿ ಸೊನ್ನೆಯಿಂದ ಶುರುವಾಗುವುದಿಲ್ಲ, 93.700ರಿಂದ ಶುರುವಾಗಿ ಕುಂದಾಪುರದ ಹತ್ತಿರ 283.300ಕ್ಕೆ ಮುಗಿಯುತ್ತದೆ. ರಸ್ತೆಗೆ ಆಗ ಇದ್ದ ಹೆಸರು ಕೂಡ 17ನೇ ಹೆದ್ದಾರಿ. ಹಳೆಯ ಕಡತದಲ್ಲಿ ಅದೇ ಇರುತ್ತದೆ, ಆದ್ದರಿಂದ ಎರಡೂ ನಂಬರು ಬರೆದೆವು.

ಇನ್ನೊಂದು ತೊಡಕು ಇದೆ. ಚತುಷ್ಪಥ ಮಾಡುವಾಗ ತಿರುವು ನೇರ ಮಾಡುತ್ತಾರೆ, ಕೆಲವು ಕಡೆ ಹೊಸ ದಾರಿ ತೆಗೆಯುತ್ತಾರೆ. ಆಗ ಉದ್ದ ಬದಲಾಗುತ್ತದೆ. ಹಾಗಾಗಿ ಹಳೆಯ ಕಲ್ಲಿನ ಮೇಲಿನ ಕಿಲೋಮೀಟರಿಗೂ ನಕ್ಷೆಯಲ್ಲಿರುವ ಡಿಸೈನ್ ಚೈನೇಜ್‌ಗೂ ಹೊಂದಾಣಿಕೆ ಆಗದೇ ಇರಬಹುದು. ಕಲ್ಲು ನೋಡಿ ಒಂದು ನಂಬರು ಬರೆದು, ಆ ನಂಬರಿನಲ್ಲಿ ನಕ್ಷೆಯಲ್ಲಿ ಏನೂ ಇಲ್ಲದಿದ್ದರೆ "ಅಂಥ ನಮೂದು ಇಲ್ಲ" ಅಂತ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಇದಕ್ಕೆ ನಾವು ಮಾಡಿದ ಉಪಾಯ: ನಂಬರಿನ ಮೇಲೇ ಎಲ್ಲ ಭಾರ ಹಾಕಲಿಲ್ಲ. ತಾಲೂಕು, ಗ್ರಾಮದ ಹೆಸರು, ಎಲ್ಲರಿಗೂ ಗೊತ್ತಿರುವ ಒಂದು ಗುರುತು (ಶಾಲೆಯ ಹತ್ತಿರದ ತಿರುವು), ಮತ್ತು ಮೊಬೈಲಿನ ನಕ್ಷೆಯಲ್ಲಿ ಅಂಗಡಿ ಎದುರು ಬೆರಳು ಒತ್ತಿ ಹಿಡಿದಾಗ ಬರುವ ಅಕ್ಷಾಂಶ ರೇಖಾಂಶ. ಅವನ್ನು ದಶಮಾಂಶದಲ್ಲೇ ಬರೆಯಿರಿ, 14.7ರಿಂದ, 74.2ರಿಂದ ಶುರುವಾಗುವ ಎರಡು ಅಂಕಿ. ಚುಕ್ಕಿ ಆದ ಮೇಲೆ ನಾಲ್ಕು ಅಂಕಿ ಸಾಕು. ಆಮೇಲೆ "ಎರಡೂ ಕಡೆಗೆ 500 ಮೀಟರ್" ಅಂತ ಗಡಿ ಹಾಕಿದೆವು. ಗಡಿ ಹಾಕದಿದ್ದರೆ ಪುಟ ಜಾಸ್ತಿ ಆಗುತ್ತದೆ, ತೀರಾ ಚಿಕ್ಕದು ಮಾಡಿದರೆ ಬೇಕಾದದ್ದೇ ತಪ್ಪಿಹೋಗುತ್ತದೆ.

ಮೂರು ಸಲ ಚಹಾ ಆದ ಮೇಲೆ ಅಂತಿಮವಾಗಿ ಬಂದದ್ದು ಇದು:

"ರಾಷ್ಟ್ರೀಯ ಹೆದ್ದಾರಿ 66 (ಹಳೆಯ 17), ಗೋವಾ ಗಡಿ–ಕುಂದಾಪುರ ಚತುಷ್ಪಥ ಯೋಜನೆ, ಕಿ.ಮೀ. 93.700 ರಿಂದ 283.300. ಈ ಯೋಜನೆಯ ಒಪ್ಪಂದದ ಷೆಡ್ಯೂಲ್ ಬಿ ಮತ್ತು ಸಿ ಗಳಲ್ಲಿ, ಕೆಳಗೆ ಹೇಳಿದ ಭಾಗಕ್ಕೆ ಅಂಡರ್‌ಪಾಸ್, ಸರ್ವಿಸ್ ರಸ್ತೆ, ಬಸ್ ಬೇ ನಮೂದಿಸಿರುವ ಪುಟಗಳ ಪ್ರತಿಯನ್ನೂ, ಅರ್ಜಿ ತಲುಪಿದ ದಿನದವರೆಗೆ ಆ ನಮೂದುಗಳನ್ನು ಬದಲಿಸಿದ ಚೇಂಜ್ ಆಫ್ ಸ್ಕೋಪ್ ಆದೇಶಗಳಿದ್ದರೆ ಅವುಗಳ ಪ್ರತಿಯನ್ನೂ ಕೊಡಿ. ಭಾಗ: ಅಂಕೋಲಾ ತಾಲೂಕು, ಇಂಥ ಗ್ರಾಮ, ಶಾಲೆಯ ತಿರುವಿನಿಂದ ಎರಡೂ ಕಡೆಗೆ 500 ಮೀಟರ್, ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು. ಈ ಭಾಗಕ್ಕೆ ಅಂಥ ನಮೂದು ಇಲ್ಲದಿದ್ದರೆ ಇಲ್ಲ ಎಂದು ತಿಳಿಸಿ. ಪಿಡಿಎಫ್ ಇದ್ದರೆ ಪೋರ್ಟಲ್ ಮೂಲಕವೇ ಕೊಡಿ."

ಕೊನೆಯಿಂದ ಎರಡನೇ ವಾಕ್ಯ ನೋಡಿ. "ಇಲ್ಲದಿದ್ದರೆ ಇಲ್ಲ ಎಂದು ತಿಳಿಸಿ." ಇದಿಲ್ಲದೆ ಹೋದರೆ, ಅಂಡರ್‌ಪಾಸ್ ಯೋಜನೆಯಲ್ಲಿ ಇಲ್ಲವೋ ಅಥವಾ ಪುಟ ಸಿಗಲಿಲ್ಲವೋ ಅನ್ನುವುದು ನಮಗೆ ಗೊತ್ತಾಗುವುದಿಲ್ಲ. ಅಣ್ಣನಿಗೆ "ಇಲ್ಲ" ಅನ್ನುವುದೂ ಉತ್ತರವೇ, ಶೀಟು ಹಾಕಿಸಬಹುದಲ್ಲ.

ಅಂಡರ್‌ಪಾಸ್, ಸರ್ವಿಸ್ ರಸ್ತೆ, ಬಸ್ ಬೇ ಅಂತ ಮೂರು ಕೇಳಿದ ಹಾಗಾಯಿತು ಅಂತ ಅಣ್ಣನೇ ಅಂದರು. ಮೂರೂ ಒಂದೇ ಒಪ್ಪಂದದ, ಒಂದೇ ಕಿಲೋಮೀಟರಿನ ಪಟ್ಟಿಯಲ್ಲಿ ಬರುವಂಥವು, ಹಾಗಾಗಿ ವಿಷಯ ಒಂದೇ. ಇದಕ್ಕೆ ಭೂಸ್ವಾಧೀನದ ಪರಿಹಾರ ಎಷ್ಟು ಅಂತ ಸೇರಿಸಿದ್ದರೆ ಅದು ಎರಡನೇ ವಿಷಯ, ಬೇರೆ ಕಡತ, ಬೇರೆ ಮೇಜು. ಅದಕ್ಕೆ ಇನ್ನೊಂದು ಹತ್ತು ರೂಪಾಯಿ ಇಟ್ಟು ಬೇರೆ ಅರ್ಜಿ ಹಾಕುವುದೇ ಲೇಸು.

ಯಾಕೆ ಬೇಕು ಅಂತ ಬರೆಯಬೇಡಿ. 6(2)ನೇ ಕಲಂ ಪ್ರಕಾರ ಕಾರಣ ಹೇಳಬೇಕಾದ್ದಿಲ್ಲ. ಅಂಗಡಿ, ಶೀಟು, ಊರಿನ ಜಗಳ ಯಾವುದೂ ಅರ್ಜಿಯಲ್ಲಿ ಬೇಡ.

ರಾಜ್ಯದ ಕಚೇರಿಗೆ ಬರೆಯುವವರು ಒಂದು ನಿಯಮ ನೆನಪಿಟ್ಟುಕೊಳ್ಳಬೇಕು. ಕರ್ನಾಟಕದ ನಿಯಮ 14ರ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಎರಡು ವಿಷಯ ಕೇಳಿದರೆ ಅಧಿಕಾರಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಕೇಂದ್ರದಲ್ಲಿ ಮಿತಿ 500 ಪದ. ನಮ್ಮದು 150ರೊಳಗೇ ಮುಗಿದಿದೆ, ಅಂದರೆ ಎರಡೂ ಕಡೆ ನಡೆಯುತ್ತದೆ.

ಫಾರ್ಮ್ ತುಂಬುವುದು

rtionline.gov.in ತೆರೆದು Submit Request ಒತ್ತಿ. ಸೂಚನೆಗಳ ಪುಟ ಬರುತ್ತದೆ, ಕೆಳಗೆ ಟಿಕ್ ಹಾಕಿ ಮುಂದೆ ಹೋಗಿ. ಇಮೇಲ್ ಕೇಳಿ ಒಟಿಪಿ ಕಳಿಸಿದರೆ ಅದನ್ನು ಹಾಕಿ. ಮೊದಲ ಪಟ್ಟಿಯಲ್ಲಿ ಸಚಿವಾಲಯ: Ministry of Road Transport and Highways. ಅದರ ಕೆಳಗಿನ ಪಟ್ಟಿಯಲ್ಲಿ ಪ್ರಾಧಿಕಾರ: National Highways Authority of India. ಬರೀ ಸಚಿವಾಲಯ ಆರಿಸಿ ನಿಲ್ಲಿಸಿದರೆ ಅರ್ಜಿ ಒಂದು ಸುತ್ತು ಜಾಸ್ತಿ ಹೊಡೆಯುತ್ತದೆ. ಪ್ರಾಧಿಕಾರದ ನೋಡಲ್ ಅಧಿಕಾರಿ ಅದನ್ನು ನಮ್ಮ ಭಾಗದ ಯೋಜನಾ ಕಚೇರಿಯ ಮಾಹಿತಿ ಅಧಿಕಾರಿಗೆ ದಾಟಿಸುತ್ತಾರೆ.

ಹೆಸರು, ವಿಳಾಸ, ಪಿನ್‌ಕೋಡ್ ತುಂಬುವುದರಲ್ಲಿ ವಿಶೇಷ ಏನಿಲ್ಲ. ಅರ್ಜಿ ಅಣ್ಣನ ಹೆಸರಿನಲ್ಲೇ ಹಾಕಿದೆವು. ಮೊಬೈಲ್ ನಂಬರು, ಇಮೇಲ್ ಮಾತ್ರ ನಿಜವಾಗಿ ನೋಡುವಂಥದ್ದು ಕೊಡಿ. ಸೈಬರ್ ಅಂಗಡಿಯವರ ಇಮೇಲ್ ಕೊಟ್ಟು, ಆಮೇಲೆ ಹಣ ಕಟ್ಟಿ ಅನ್ನುವ ಸೂಚನೆ ಅವರ ಡಬ್ಬಿಯಲ್ಲೇ ಕೊಳೆತದ್ದನ್ನು ನೋಡಿದ್ದೇನೆ. ಆಧಾರ್, ಪ್ಯಾನ್ ಕಾರ್ಡು ಲಗತ್ತಿಸಬೇಡಿ, ಲಗತ್ತಿಸಬಾರದು ಅಂತ ಫಾರ್ಮಿನಲ್ಲೇ ಇದೆ.

ಮುಂದೆ ಪ್ರಶ್ನೆಯ ಬಾಕ್ಸ್. ಇಂಗ್ಲಿಷ್ ಫಾರ್ಮಿನಲ್ಲಿ ಈ ಬಾಕ್ಸ್ 3000 ಅಕ್ಷರ ಹಿಡಿಯುತ್ತದೆ. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಪೂರ್ಣವಿರಾಮ, ಕಾಮಾ, ಆವರಣದಂಥ ಕೆಲವೇ ಚಿಹ್ನೆಗಳಿಗೆ ಅವಕಾಶ. ರೂಪಾಯಿ ಚಿಹ್ನೆ, ಡಿಗ್ರಿಯ ಸಣ್ಣ ಸೊನ್ನೆ, ವರ್ಡ್‌ನಿಂದ ನಕಲು ಮಾಡಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆ, ಇವು ಸೇರಿದರೆ ತಪ್ಪು ತೋರಿಸಿ ಮುಂದೆ ಬಿಡುವುದಿಲ್ಲ. ಎಲ್ಲಿ ತಪ್ಪಾಗಿದೆ ಅಂತ ಹುಡುಕಿ ಸುಸ್ತಾಗುವ ಬದಲು, ಮೊಬೈಲಿನ ಸಾದಾ ನೋಟ್‌ಪ್ಯಾಡ್‌ನಲ್ಲಿ ಬರೆದು ಅಲ್ಲಿಂದ ಅಂಟಿಸಿ. ಅಕ್ಷಾಂಶವನ್ನು ದಶಮಾಂಶದಲ್ಲಿ ಬರೆಯಲು ಹೇಳಿದ್ದು ಇದಕ್ಕೂ ಸೇರಿಯೇ.

ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ, ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆ ನಡೆಯುತ್ತದೆ ಅಂತ ಕಾಯಿದೆ ಹೇಳುತ್ತದೆ. ನಾವು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬಾಕ್ಸಿಗೆ ಹಾಕಿ, ಕನ್ನಡದ ಪ್ರತಿಯನ್ನು ಪಿಡಿಎಫ್ ಮಾಡಿ ಲಗತ್ತಿಸಿದೆವು. ಕಡತ ಮೊದಲು ದೆಹಲಿ ನೋಡಿಕೊಂಡು ಬರುವುದರಿಂದ ಇದು ವಾಸಿ. ಪಿಡಿಎಫ್ 1 ಎಂಬಿ ಮೀರಬಾರದು, ಕಡತದ ಹೆಸರಿನಲ್ಲಿ ಖಾಲಿ ಜಾಗ ಇರಬಾರದು. "ನನ್ನ ಅರ್ಜಿ ಹೊಸದು" ಅನ್ನುವ ಥರದ ಹೆಸರು ಬೇಡ, arji.pdf ಅಂದರೆ ಸಾಕು.

ಹತ್ತು ರೂಪಾಯಿ

ಬಿಪಿಎಲ್ ಹೌದೋ ಅಲ್ಲವೋ ಅಂತ ಫಾರ್ಮ್ ಕೇಳುತ್ತದೆ. ಹೌದು ಅಂದರೆ ಶುಲ್ಕ ಇಲ್ಲ, ಆದರೆ ಕಾರ್ಡಿನ ಪ್ರತಿ ಲಗತ್ತಿಸಬೇಕು. ಅರ್ಜಿದಾರರ ಹೆಸರು ಅದರಲ್ಲಿ ಇರಬೇಕು ಅನ್ನುವುದನ್ನು ಬಿಟ್ಟುಬಿಡಬೇಡಿ. ಅಲ್ಲ ಅಂದರೆ 10 ರೂಪಾಯಿ. ರಾಜ್ಯದ ಪೋರ್ಟಲ್‌ನಲ್ಲೂ ಅರ್ಜಿ ಶುಲ್ಕ ಹತ್ತೇ.

Make Payment ಒತ್ತಿದರೆ ಬ್ಯಾಂಕಿನ ಪುಟಕ್ಕೆ ಹೋಗುತ್ತದೆ. ನೆಟ್‌ಬ್ಯಾಂಕಿಂಗ್, ಕಾರ್ಡು, ಯುಪಿಐ ಹೀಗೆ ಅಲ್ಲಿ ತೋರಿಸುವುದರಲ್ಲಿ ಒಂದನ್ನು ಆರಿಸಿ. ಹಣ ಹೋದ ಮೇಲೆ ಪುಟ ತಾನಾಗಿ ಪೋರ್ಟಲ್‌ಗೆ ಮರಳಬೇಕು, ಆಗ ನೋಂದಣಿ ಸಂಖ್ಯೆ ಕಾಣುತ್ತದೆ. ಅಲ್ಲಿಯವರೆಗೆ ಹಿಂದಕ್ಕೆ ಹೋಗುವ ಗುಂಡಿ ಮುಟ್ಟಬೇಡಿ, ಪುಟ ರಿಫ್ರೆಶ್ ಮಾಡಬೇಡಿ.

ನಮ್ಮ ಕಡೆ ಮಳೆಗಾಲದಲ್ಲಿ ಇದೇ ಗಳಿಗೆಯಲ್ಲಿ ಕರೆಂಟು ಹೋಗುವುದು, ನೆಟ್‌ವರ್ಕ್ ಹೋಗುವುದು. ನನಗೇ ಆಗಿದೆ. ಒಂದು ಸಲ ಶಿರಸಿಯಲ್ಲಿ ಕೂತು ನನ್ನದೇ ಒಂದು ಅರ್ಜಿ ಹಾಕುತ್ತಿದ್ದೆ. ಖಾತೆಯಿಂದ ಹತ್ತು ರೂಪಾಯಿ ಹೋದ ಸಂದೇಶ ಬಂತು, ಪುಟ ಮಾತ್ರ ಬಿಳಿ ಹಾಳೆಯ ಹಾಗೆ ನಿಂತುಬಿಟ್ಟಿತು. ಹತ್ತು ನಿಮಿಷ ಕಾದು, ತಡೆಯಲಾರದೆ ಇನ್ನೊಮ್ಮೆ ಎಲ್ಲ ತುಂಬಿ ಇನ್ನೊಮ್ಮೆ ಹಣ ಕಟ್ಟಿದೆ. ಮರುದಿನ ನೋಡಿದರೆ ಮೊದಲಿನದಕ್ಕೂ ನೋಂದಣಿ ಸಂಖ್ಯೆ ಬಂದಿದೆ. ಒಂದೇ ಪ್ರಶ್ನೆಯ ಎರಡು ಅರ್ಜಿ ಒಂದೇ ಮೇಜಿಗೆ ಹೋದವು.

ಹೀಗಾದಾಗ ಪೋರ್ಟಲ್ ಹೇಳುವುದು ಸರಳ: ಹಣ ಹೋಗಿ ಸಂಖ್ಯೆ ಬರದಿದ್ದರೆ ಮತ್ತೆ ಹಣ ಕಟ್ಟಬೇಡಿ. 24ರಿಂದ 48 ಗಂಟೆ, ಅದೂ ಕೆಲಸದ ದಿನಗಳ ಲೆಕ್ಕದಲ್ಲಿ, ಕಾಯಿರಿ. ಬ್ಯಾಂಕಿನ ಲೆಕ್ಕ ತಾಳೆ ಆದ ಮೇಲೆ ಸಂಖ್ಯೆ ತಾನಾಗಿ ಬರುತ್ತದೆ. ಶನಿವಾರ ಸಂಜೆ ಕಟ್ಟಿದರೆ ಮಂಗಳವಾರದವರೆಗೂ ಆಗಬಹುದು. ಆಮೇಲೂ ಬರದಿದ್ದರೆ ವಹಿವಾಟಿನ ವಿವರ ಹಾಕಿ ಪೋರ್ಟಲ್‌ನ ಸಹಾಯ ವಿಳಾಸಕ್ಕೆ ಇಮೇಲ್ ಮಾಡಿ. ಅದಕ್ಕೇ ಹಣ ಹೋದ ಕೂಡಲೇ ಬ್ಯಾಂಕಿನ ವಹಿವಾಟು ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ನೋಂದಣಿ ಸಂಖ್ಯೆಯನ್ನು ಕೈಯಲ್ಲಿ ಬರೆದುಕೊಳ್ಳುವುದಾದರೆ ಗೆರೆಗಳ ಸಮೇತ ಬರೆಯಿರಿ. ನಡುವೆ R ಅಂತ ಇದ್ದರೆ ಅರ್ಜಿ, A ಅಂತ ಇದ್ದರೆ ಮೇಲ್ಮನವಿ. ಅಣ್ಣ ಅದನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿದ್ದಾರೆ.

ಎರಡನೇ ಸಲ ಹಣ ಕೇಳಿದಾಗ

ಹತ್ತು ರೂಪಾಯಿ ಅರ್ಜಿಯ ಶುಲ್ಕ ಮಾತ್ರ, ಪ್ರತಿಗಳದ್ದಲ್ಲ. ಕೇಂದ್ರದಲ್ಲಿ ಎ-3 ಅಥವಾ ಅದಕ್ಕಿಂತ ಸಣ್ಣ ಕಾಗದಕ್ಕೆ ಪುಟಕ್ಕೆ 2 ರೂಪಾಯಿ. ಅದಕ್ಕಿಂತ ದೊಡ್ಡ ಹಾಳೆಗೆ ತಗಲುವ ನಿಜವಾದ ಖರ್ಚು. ನಾವು ನಕ್ಷೆ ಕೇಳದೆ ಪಟ್ಟಿಯ ಪುಟ ಕೇಳಿದ್ದರಲ್ಲಿ ಈ ಲೆಕ್ಕವೂ ಇತ್ತು, ಹೆದ್ದಾರಿ ನಕ್ಷೆಗಳು ಚಾಪೆಯಷ್ಟು ದೊಡ್ಡದಿರುತ್ತವೆ.

ಅಣ್ಣನ ವಿಷಯದಲ್ಲಿ ಮೂರನೇ ವಾರ ಇಮೇಲ್ ಬಂತು. ಆರು ಪುಟ, 12 ರೂಪಾಯಿ ಕಟ್ಟಿ ಅಂತ. "ಮೊದಲೇ ಕಟ್ಟಿದ್ದೆವಲ್ಲ, ಮತ್ತೆ ಎಂಥದು?" ಅಂತ ಅವರಿಗೆ ಅನುಮಾನ. ಇಂಥ ಸಂದೇಶ ಬಂದಾಗ ಇಮೇಲಿನಲ್ಲಿರುವ ಕೊಂಡಿ ಒತ್ತಿ ಹಣ ಕಟ್ಟುವ ಅಭ್ಯಾಸ ಬೇಡ. ನೀವೇ ಪೋರ್ಟಲ್ ತೆರೆದು View Status ನಲ್ಲಿ ನೋಂದಣಿ ಸಂಖ್ಯೆ, ಇಮೇಲ್ ಹಾಕಿ ನೋಡಿ. ಬೇಡಿಕೆ ನಿಜವಾದರೆ ಅಲ್ಲಿಯೂ ಕಾಣುತ್ತದೆ, ಅಲ್ಲಿಂದಲೇ ಕಟ್ಟಬಹುದು. ಪುಟ ಎಷ್ಟು, ದರ ಎಷ್ಟು, ಒಟ್ಟು ಹೇಗೆ ಬಂತು ಅನ್ನುವ ಲೆಕ್ಕವನ್ನು ಅಧಿಕಾರಿ ಕೊಡಲೇಬೇಕು. ಲೆಕ್ಕವಿಲ್ಲದೆ ಬರೀ ಒಂದು ಮೊತ್ತ ಹೇಳಿದರೆ ಬರೆದು ಕೇಳಿ.

ತಡ ಮಾತ್ರ ಮಾಡಬೇಡಿ. ಉತ್ತರ ಕೊಡಲು 30 ದಿನ ಅಂತ ಇದೆಯಲ್ಲ, ಹಣ ಕಟ್ಟಿ ಎಂದು ತಿಳಿಸಿದ ದಿನದಿಂದ ನಾವು ಕಟ್ಟುವ ದಿನದವರೆಗಿನ ಅವಧಿ ಆ 30ರಲ್ಲಿ ಸೇರುವುದಿಲ್ಲ. ಗಡಿಯಾರ ನಮ್ಮ ಕಾರಣಕ್ಕೆ ನಿಂತಿರುತ್ತದೆ. ಅದಕ್ಕೆ ಬದಲಾಗಿ, ಅವರೇ 30 ದಿನ ಮೀರಿಸಿದರೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು, ಅದು 7(6)ನೇ ಕಲಂ. ನಲವತ್ತನೇ ದಿನ ಪುಟದ ಹಣ ಕೇಳಿ ಬಂದರೆ ಈ ಕಲಂ ಉಲ್ಲೇಖಿಸಿ ಉತ್ತರ ಬರೆಯಬಹುದು.

ಉತ್ತರ ಬಾರದಿದ್ದರೆ ಅಥವಾ ಕೇಳಿದ್ದು ಒಂದು ಕೊಟ್ಟದ್ದು ಒಂದು ಆದರೆ, ಅದೇ ಪೋರ್ಟಲ್‌ನಲ್ಲಿ Submit First Appeal ಇದೆ. ಉತ್ತರ ಸಿಕ್ಕಿದ ದಿನದಿಂದ, ಇಲ್ಲವೇ ಉತ್ತರದ ಗಡುವು ಮುಗಿದ ದಿನದಿಂದ 30 ದಿನದೊಳಗೆ ಹಾಕಬೇಕು. ಕೇಂದ್ರದ ಮೊದಲ ಮೇಲ್ಮನವಿಗೆ ಶುಲ್ಕ ಇಲ್ಲ. ಅಲ್ಲಿ ಹೊಸ ಪ್ರಶ್ನೆ ಸೇರಿಸಲು ಹೋಗಬೇಡಿ. ಕೇಳಿದ ಪುಟ ಇಂಥದ್ದು, ಕೊಟ್ಟದ್ದು ಇಂಥದ್ದು, ಬಾಕಿ ಇರುವುದು ಇಂಥದ್ದು, ಇಷ್ಟು ಬರೆದರೆ ಆಯಿತು. ಮೊದಲ ಅರ್ಜಿಯಲ್ಲಿ ಪ್ರಶ್ನೆ ಒಂದೇ ಇದ್ದರೆ ಈ ಮೂರು ಸಾಲು ಬರೆಯಲು ಐದು ನಿಮಿಷ ಸಾಕು.

ಹನ್ನೆರಡು ರೂಪಾಯಿಯನ್ನು ಅಣ್ಣ ಅವತ್ತೇ ಕಟ್ಟಿದರು, ಬಿಸಿಲು ಇದ್ದಾಗಲೇ, ಕರೆಂಟು ಇದ್ದಾಗಲೇ. ಕ್ಯಾಲೆಂಡರಿನಲ್ಲಿ ಮೊದಲಿನ ಸಂಖ್ಯೆಯ ಕೆಳಗೆ ಆ ತಾರೀಖನ್ನೂ ಬರೆದುಕೊಂಡರು.